ಚಹಾಕ್ಕೆ ಹೆಸರಿಡೋ ಮುಂಚೆ ಕಿವಿಯನ್ನು ಕೇಳಿ

ಮಗುವಿಗೆ ಹೆಸರಿಡುವಾಗ ನಾವು ಅರ್ಥ ಹುಡುಕುತ್ತೇವೆ. ಸಂಸ್ಕೃತದ ಮೂಲ, ದೇವರ ಸಹಸ್ರನಾಮ, ನಕ್ಷತ್ರದ ಅಕ್ಷರ ಎಲ್ಲಾ ನೋಡುತ್ತೇವೆ. ಅದು ಸರಿಯೇ. ಆದರೆ ಅಂಗಡಿಯಲ್ಲಿ ಮಾರುವ ಪೊಟ್ಟಣಕ್ಕೂ ಹಾಗೇ ಹೆಸರಿಡಲು ಹೋದರೆ ಎಡವುತ್ತೇವೆ ಅನ್ನುವುದು ನನ್ನ ಅಭಿಪ್ರಾಯ. ಸಾಮಾನಿನ ಹೆಸರು ನಿಘಂಟಿನಲ್ಲಿ ಬದುಕುವುದಿಲ್ಲ, ಗಿರಾಕಿಯ ಬಾಯಲ್ಲಿ ಮತ್ತು ಅಂಗಡಿಯವನ ಕಿವಿಯಲ್ಲಿ ಬದುಕುತ್ತದೆ. ಅದೂ ನಮ್ಮ ದೇಶದಲ್ಲಿ ಒಂದು ಬಾಯಿ ಅಲ್ಲ, ಹತ್ತು ಬಾಯಿ. ಆದ್ದರಿಂದ ಮೊದಲು ಸದ್ದು, ಆಮೇಲೆ ಅರ್ಥ.

ಬ್ಯಾಂಕಿನವನಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಸಣ್ಣ ಉದ್ದಿಮೆಗಳ ಸಾಲದ ಕಡತ ನೋಡುವುದು ನನ್ನ ಕೆಲಸ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಂತ್ರದ ಬೆಲೆ, ಗೋದಾಮಿನ ಬಾಡಿಗೆ, ಮೂರು ವರ್ಷದ ಲಾಭದ ಅಂದಾಜು ಎಲ್ಲಾ ಇರುತ್ತದೆ. ಹೆಸರಿನ ಬಗ್ಗೆ ಮಾತ್ರ ಒಂದು ಸಾಲು ಇರುತ್ತದೆ. ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಡೊಂಬಿವಲಿಯ ನಮ್ಮ ಗ್ರಾಹಕರೊಬ್ಬರದು ಎರಡು ತಲೆಮಾರಿನ ಬಿಡಿ ಚಹಾಪುಡಿ ವ್ಯಾಪಾರ. ಮರಾಠಿ ಮನೆತನ. ಅಸ್ಸಾಮಿನ ಕಾಳು, ನೀಲಗಿರಿಯ ಡಸ್ಟ್ ತರಿಸಿ ತಾವೇ ಬೆರೆಸಿ ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದರು. 2023ರಲ್ಲಿ ಅವರಿಗೆ ಪೊಟ್ಟಣದ ಚಹಾ ಮಾಡುವ ಮನಸ್ಸಾಯಿತು. ಮಹಾರಾಷ್ಟ್ರದ ಜೊತೆಗೆ ಬೆಳಗಾವಿ, ಹುಬ್ಬಳ್ಳಿ, ಹೈದರಾಬಾದ್, ಕೊಯಮತ್ತೂರಿನಲ್ಲೂ ಮಾರಬೇಕು ಅನ್ನುವ ಆಸೆ. ಸಾಲಕ್ಕೆ ಸ್ವಂತ ಮನೆಯನ್ನೇ ಅಡವಿಡಲು ತಯಾರಾಗಿದ್ದರು. ಇಲ್ಲಿ ಒಂದು ವಿಷಯ ತಿಳಿದಿರಲಿ. ಚಹಾದ ಪ್ಲಾಸ್ಟಿಕ್ ಚೀಲಕ್ಕೆ ಸಾಮಾನ್ಯವಾಗಿ ಉಕ್ಕಿನ ಉರುಳೆಗಳಿಂದ ಮುದ್ರಣ ಆಗುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಉರುಳೆ ಕೆತ್ತಿಸಬೇಕು, ಚೀಲದ ಪ್ರತಿ ಅಳತೆಗೂ ಬೇರೆ ಜೋಡಿ. ಹೆಸರು ಬದಲಾದರೆ ಆ ಕೆತ್ತನೆ ವ್ಯರ್ಥ, ಮುದ್ರಿಸಿಟ್ಟ ಸುರುಳಿಯೂ ಅದರ ಹಿಂದೆಯೇ. ಕಾಗದದ ಲೇಬಲ್ಲಿನ ಹಾಗೆ ಮೇಲೊಂದು ಅಂಟಿಸಿ ಮುಂದೆ ಸಾಗುವ ಹಾಗಿಲ್ಲ. ಹೆಸರಿನ ಪರೀಕ್ಷೆ ಉರುಳೆ ಕೆತ್ತುವ ಮುಂಚೆಯೇ ಮುಗಿಯಬೇಕು.

ಅವರ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿದ್ದವು: ಹಿತ, ಛಾಯಾ, ಚವ, ಮೈನಾ. ನಾಲ್ಕಕ್ಕೂ ಒಳ್ಳೆಯ ಅರ್ಥವೇ ಇದೆ. ಒಂದೊಂದನ್ನೇ ನೋಡೋಣ.

ಮೊದಲು "ಹಿತ". ನಮ್ಮ ಕನ್ನಡದವರಿಗೆ ಎಷ್ಟು ಚೆನ್ನಾಗಿ ಕೇಳುತ್ತದೆ, ಅಲ್ಲವೇ? ಬಾಯಿಗೂ ಹಿತ, ಹೊಟ್ಟೆಗೂ ಹಿತ. ಆದರೆ ನಾವು ಪದದ ಕೊನೆಯ "ಅ" ಅನ್ನು ಉಚ್ಚರಿಸುತ್ತೇವೆ. ಹಿಂದಿ, ಮರಾಠಿ, ಗುಜರಾತಿಯವರು ಅದನ್ನು ನುಂಗಿಬಿಡುತ್ತಾರೆ. ನಮ್ಮ ರಾಮ ಅವರಿಗೆ ರಾಮ್, ನಮ್ಮ ರಸ ಅವರಿಗೆ ರಸ್. ಹಾಗೆಯೇ ನಮ್ಮ ಹಿತ ದಾದರ್ ಸ್ಟೇಷನ್ ದಾಟುವಷ್ಟರಲ್ಲಿ "ಹಿತ್" ಆಗಿರುತ್ತದೆ. ಗದ್ದಲದ ಕಿರಾಣಿ ಅಂಗಡಿಯಲ್ಲಿ "ಏಕ್ ಹಿತ್ ದೇನಾ" ಅಂದರೆ ಅಂಗಡಿಯವನ ಕೈ ಹೋಗುವುದು ಜಿರಳೆ ಕೊಲ್ಲುವ ಹಿಟ್ ಸ್ಪ್ರೇ ಕಡೆಗೆ! ಇಂಗ್ಲಿಷಿನಲ್ಲಿ HITA ಅಂತ ಬರೆದರೂ ಗೋಳು ತಪ್ಪಲಿಲ್ಲ. ಆ T ಅಕ್ಷರ ತಕಾರವೋ ಟಕಾರವೋ ಯಾರಿಗೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯವರು ಅದನ್ನು "ಹಿಟಾ" ಅಂತ ಓದಿದರೆ ನೆನಪಾಗುವುದು ರಾಗಿ ಹಿಟ್ಟು. ಅರ್ಥ ಕೆಟ್ಟಿದ್ದಲ್ಲ, ಕೊನೆಯ ಸ್ವರ ಉದುರಿದ್ದಷ್ಟೇ. ಇದರಿಂದ ಸಿಗುವ ಸೂತ್ರ ಸರಳ. ದಕ್ಷಿಣದಿಂದ ಉತ್ತರಕ್ಕೆ ಹೋಗುವ ಹೆಸರು ಅಕಾರದಲ್ಲಿ ಮುಗಿಯಬಾರದು. ಆ, ಈ, ಊ ಇಂಥ ದೀರ್ಘಸ್ವರದಲ್ಲಿ ಮುಗಿದರೆ ಎಲ್ಲಾ ಕಡೆ ಬಾಲ ಉಳಿಯುತ್ತದೆ.

ಎರಡನೆಯದು "ಛಾಯಾ". ಇದು ಅವರ ತಾಯಿಯ ಹೆಸರು. ಮುಟ್ಟಿದರೆ ಮನಸ್ಸು ನೋಯುವ ಜಾಗ. ದೀರ್ಘಸ್ವರದಲ್ಲೇ ಮುಗಿಯುತ್ತದೆ, ಚಹಾ ಅನ್ನುವ ಪದದ ನೆರಳೂ ಇದೆ, ಮರಾಠಿ ಹಿಂದಿ ಕನ್ನಡ ತೆಲುಗು ಎಲ್ಲದರಲ್ಲೂ ನೆರಳು ಅಂತಲೇ ಅರ್ಥ. ಇನ್ನೇನು ಬೇಕು? ಆದರೆ ಹೆಸರು ಕೊಯಮತ್ತೂರಿಗೆ ಹೋಗಬೇಕಲ್ಲ. ತಮಿಳು ಲಿಪಿಯಲ್ಲಿ ಮಹಾಪ್ರಾಣ ಇಲ್ಲ. ಕ-ಗ, ತ-ದ, ಪ-ಬ ಇವಕ್ಕೆ ಒಂದೊಂದೇ ಅಕ್ಷರ. ಚಕಾರದ ಅಕ್ಷರವನ್ನು ಪದದ ಮೊದಲಲ್ಲಿ ಬಹಳಷ್ಟು ಸಲ ಸಕಾರವಾಗಿ ಓದುತ್ತಾರೆ. ಹಾಗಾಗಿ ಛಾಯಾ ಅಲ್ಲಿ "ಸಾಯಾ" ಆಗಬಹುದು. ತಮಿಳಿನಲ್ಲಿ "ಸಾಯಂ" ಅಂದರೆ ಬಟ್ಟೆಗೆ ಹಾಕುವ ಬಣ್ಣ. ಚಹಾಪುಡಿಗೆ ಬಣ್ಣ ಬೆರೆಸುವುದು ಈ ವ್ಯಾಪಾರದ ಅತಿ ಹಳೆಯ ಮೋಸ. ಒದ್ದೆ ಫಿಲ್ಟರ್ ಕಾಗದದ ಮೇಲೆ ಪುಡಿ ಹರಡಿದರೆ ಬಣ್ಣ ಬೆರೆಸಿದ ಚಹಾ ಕಲೆ ಬಿಡುತ್ತದೆ ಅಂತ ಸರ್ಕಾರದವರೇ ಮನೆಮನೆಗೆ ಹೇಳಿಕೊಡುತ್ತಾರೆ. ಅಂಥದ್ದರಲ್ಲಿ ಪೊಟ್ಟಣದ ಮೇಲೆ ನಾವೇ "ಬಣ್ಣ" ಅಂತ ಬರೆದ ಹಾಗೆ ಆಗುತ್ತದಲ್ಲ? ಆ "ಸಾಯಾ" ತಿರುಗಿ ನಮ್ಮ ಕನ್ನಡದ ಕಿವಿಗೆ ಬಿದ್ದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬಿತ್ತು. ಮಲಯಾಳದಲ್ಲಿ "ಚಾಯ" ಅಂದರೆ ಚಹಾ ಅಂತಲೇ. ಕೇರಳದ ಅಂಗಡಿಯಲ್ಲಿ "ಚಾಯ ಕೊಡಿ" ಅಂದರೆ ಯಾವ ಪೊಟ್ಟಣ ಕೊಡುತ್ತಾರೋ ದೇವರಿಗೇ ಗೊತ್ತು. ಕಾನೂನಿಗೂ ಇದು ಅಡ್ಡ ಬರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ತಾಯಿಯ ಹೆಸರನ್ನು ಬಿಡಲು ಶೇಠ್‌ಜಿ ತಯಾರಿರಲಿಲ್ಲ. "ಸಾಹೇಬ್, ಆಯಿಯ ಹೆಸರು ಕೆಟ್ಟದ್ದು ಹೇಗಾಗುತ್ತೆ?" ಅಂದರು. ಹೆಸರು ಕೆಟ್ಟದ್ದಲ್ಲ, ದಾರಿಯಲ್ಲಿ ಅದಕ್ಕೆ ಏಟು ಬೀಳುತ್ತದೆ ಅಂದೆ. ಕಂಪನಿಗೆ ಆ ಹೆಸರಿಡಿ, ಪೊಟ್ಟಣದ ಹಿಂದೆ ತಯಾರಕರ ಹೆಸರಾಗಿ ಶಾಶ್ವತವಾಗಿ ಇರುತ್ತದೆ ಅಂದೆ. ಅದು ಅವರಿಗೆ ಒಪ್ಪಿಗೆಯಾಯಿತು.

ಮೂರನೆಯದು "ಚವ". ಅವರ ಮಗನ ಆಯ್ಕೆ. ಮರಾಠಿಯಲ್ಲಿ ಚವ ಅಂದರೆ ರುಚಿ. ಚಿಕ್ಕದು, ಚುರುಕಾದದ್ದು, ಜಾಹೀರಾತಿಗೂ ಒಗ್ಗುತ್ತದೆ. ಆದರೆ ಮರಾಠಿಯ ಚಕಾರಕ್ಕೆ ಎರಡು ಸದ್ದು. ಈ ಪದದಲ್ಲಿ ಅದು "ತ್ಸ"ಕ್ಕೆ ಹತ್ತಿರ, "ತ್ಸವ್" ಅಂದ ಹಾಗೆ. ಆ ಸದ್ದು ಬರಹದಲ್ಲಿ ಕಾಣುವುದಿಲ್ಲ, ಮರಾಠಿ ಬಲ್ಲವರಿಗೆ ಮಾತ್ರ ಗೊತ್ತು. ಬೆಳಗಾವಿ ದಾಟಿ ಬಂದ ಮೇಲೆ "ಚವ" ಅಂತ ಓದುವ ಕನ್ನಡಿಗನ ಕಿವಿಗೆ ಅದು "ಶವ"ದ ಪಕ್ಕದಲ್ಲೇ ಇದೆ. ತಮಿಳಿನಲ್ಲಿ ಅದೇ ಅಕ್ಷರ "ಸವ" ಆಗುತ್ತದೆ, ಅಲ್ಲಿ "ಸವಂ" ಅಂದರೆ ಹೆಣ. ತೆಲುಗಿಗೆ CHAV ಅಂತ ಇಂಗ್ಲಿಷಿನಲ್ಲಿ ಹೋದರೆ ಹ್ರಸ್ವವೋ ದೀರ್ಘವೋ ತಿಳಿಯದೆ "ಚಾವ್" ಅಂತ ಓದಬಹುದು. ತೆಲುಗಿನಲ್ಲಿ "ಚಾವು" ಅಂದರೆ ಸಾವು! ಒಂದು ಭಾಷೆಯ ರುಚಿ ಮೂರು ಭಾಷೆಗಳಲ್ಲಿ ಮಸಣಕ್ಕೆ ಹೋಯಿತು. ನಿಘಂಟು ತೆರೆದು "ಚವ" ಹುಡುಕಿದರೆ ಇದ್ಯಾವುದೂ ಸಿಗುವುದಿಲ್ಲ. ಯಾಕೆಂದರೆ ಅಪಾಯ ಇರುವುದು ಆ ಪದದಲ್ಲಲ್ಲ, ಅದರ ಪಕ್ಕದ ಮನೆಯ ಪದದಲ್ಲಿ.

ಈಗ ನಮ್ಮ ನಿಮ್ಮಂಥವರ ಪಾತ್ರ. ಊರು ಬಿಟ್ಟು ಬಂದು ಇಪ್ಪತ್ತು ಮೂವತ್ತು ವರ್ಷ ಆದವರು ನಾವು. ಮನೆಯಲ್ಲಿ ಕನ್ನಡ, ಲೋಕಲ್ ಟ್ರೇನಿನಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ ಇಂಗ್ಲಿಷ್, ಪಕ್ಕದ ಮನೆಯವರ ಜೊತೆ ಹರಕು ತಮಿಳು. ಹೆಸರು ಪರೀಕ್ಷಿಸಲು ನಮಗಿಂತ ಒಳ್ಳೆಯವರು ಯಾರು ಅಂತ ಅನ್ನಿಸುವುದು ಸಹಜ. ಶೇಠ್‌ಜಿ ಕೂಡ ಸೊಸೈಟಿಯ ತಮಿಳರನ್ನೂ ತೆಲುಗರನ್ನೂ ಕೇಳಿ ಬಂದಿದ್ದರು. ಎಲ್ಲರೂ "ಛಾಯಾ ಚೆನ್ನಾಗಿದೆ" ಅಂದಿದ್ದರು. ನನ್ನ ವಾದ ಇದಕ್ಕೆ ತದ್ವಿರುದ್ಧ. ಅನುಮಾನ ಹುಟ್ಟಿಸುವುದಕ್ಕೆ ನಮ್ಮ ಕಿವಿ ಒಳ್ಳೆಯದು, ತೀರ್ಪು ಕೊಡುವುದಕ್ಕೆ ಅಲ್ಲ. ಮುಂಬಯಿಯ ತಮಿಳನಿಗೆ ಹಿಂದಿ ಗೊತ್ತು, ಆದ್ದರಿಂದ ಛಾಯಾ ಅಂದ ಕೂಡಲೇ ನೆರಳು ಅಂತ ತಿದ್ದಿಕೊಂಡೇ ಕೇಳುತ್ತಾನೆ. ಪೊಳ್ಳಾಚಿಯ ಅಂಗಡಿಯವನಿಗೆ ಹಿಂದಿ ಗೊತ್ತಿಲ್ಲ, ಅವನಿಗೆ ಸಾಯಂ ಮಾತ್ರ ಗೊತ್ತು. ನಾಲ್ಕು ಭಾಷೆ ಬಲ್ಲವನು ತನಗೆ ಅರಿವಿಲ್ಲದೆಯೇ ತಪ್ಪನ್ನು ತೇಪೆ ಹಾಕಿ ಸರಿಮಾಡಿಕೊಳ್ಳುತ್ತಾನೆ. ಹೆಸರನ್ನು ಕೇಳಿಸಬೇಕಾದದ್ದು ಒಂದೇ ಭಾಷೆಯಲ್ಲಿ ಬಾಳುವವರಿಗೆ, ಅವರ ಊರಿನಲ್ಲೇ.

ಹಾಗಾದರೆ ಹೇಗೆ ಕೇಳಿಸುವುದು? ನಾನು ಹೇಳಿದ ಕ್ರಮ ನಾವು ಚಿಕ್ಕಂದಿನಲ್ಲಿ ಸಾಲಾಗಿ ಕೂತು ಕಿವಿಯಲ್ಲಿ ಪಿಸುಗುಟ್ಟಿ ಆಡುತ್ತಿದ್ದ ಆಟದ ಹಾಗೆಯೇ. ಊರಿನಲ್ಲಿ ಒಬ್ಬರಿಗೆ ಫೋನಿನಲ್ಲಿ ಹೆಸರನ್ನು ಒಂದೇ ಸಲ ಹೇಳಬೇಕು, ಅಕ್ಷರ ಬಿಡಿಸಿ ಹೇಳಬಾರದು. ಅವರು ತಮ್ಮ ಲಿಪಿಯಲ್ಲಿ ಚೀಟಿಯ ಮೇಲೆ ಬರೆಯಬೇಕು. ಆ ಚೀಟಿಯನ್ನು ಹೆಸರು ಕೇಳಿರದ ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಓದಿದ್ದನ್ನು ನಾವು ಫೋನಿನಲ್ಲಿ ಕೇಳಬೇಕು. ಹೋದ ಹೆಸರು ಹೋದ ಹಾಗೇ ವಾಪಸು ಬಂದರೆ ಪಾಸು. "ಭೋಗ" ಅಂತ ಕಳಿಸಿ ನೋಡಿ, ತಮಿಳು ಲಿಪಿಯಿಂದ ಅದು "ಪೋಗ" ಆಗಿ ಬರಬಹುದು, ಅಲ್ಲಿ ಅದಕ್ಕೆ "ಹೋಗಲು" ಅಂತ ಅರ್ಥ. ಪ್ರತಿ ಭಾಷೆಗೆ ಐದಾರು ಜನ ಸಾಕು. ದೊಡ್ಡ ತಪ್ಪು ಇದ್ದರೆ ಮೊದಲ ಮೂವರಲ್ಲೇ ಬೀಳುತ್ತದೆ. ಆಮೇಲೆ ಕೇಳಬೇಕಾದ ಪ್ರಶ್ನೆ "ಹೆಸರು ಹೇಗಿದೆ?" ಅಂತಲ್ಲ. ಹಾಗೆ ಕೇಳಿದರೆ ಮರ್ಯಾದೆಗೆ ಎಲ್ಲರೂ ಚೆನ್ನಾಗಿದೆ ಅಂತಾರೆ. "ಈ ಹೆಸರು ಕೇಳಿದರೆ ಇನ್ಯಾವ ಪದ ನೆನಪಾಗುತ್ತೆ?" ಅಂತ ಕೇಳಬೇಕು. ಆಗ ಸಾಯಂ, ಸವಂ, ಹಿಟ್ಟು ಎಲ್ಲಾ ಹೊರಬರುತ್ತವೆ.

ನೆನಪಿನ ಪರೀಕ್ಷೆ ಬೇರೆಯೇ. ಆವತ್ತೇ ಕೇಳಿದರೆ ಏನೂ ತಿಳಿಯುವುದಿಲ್ಲ. ನಮ್ಮ ಹೆಸರನ್ನು ಬೇರೆ ಐದು ಕಲ್ಪಿತ ಹೆಸರುಗಳ ನಡುವೆ ಇಟ್ಟು ಒಮ್ಮೆ ಓದಿ ಹೇಳಬೇಕು. ಮರುದಿನ ಫೋನ್ ಮಾಡಿ "ನಿನ್ನೆ ಹೇಳಿದ ಚಹಾ ಹೆಸರುಗಳಲ್ಲಿ ಯಾವುದು ನೆನಪಿದೆ?" ಅಂತ ಕೇಳಬೇಕು. ಸುಳಿವು ಕೊಡಬಾರದು. ಜೊತೆಗೆ, ಈಗಿನ ಗಿರಾಕಿ ಬಾಯಲ್ಲಿ ಮಾತ್ರ ಕೇಳುವುದಿಲ್ಲ, ಮೊಬೈಲಿನಲ್ಲಿ ಬೆರಳಿನಿಂದಲೂ ಕೇಳುತ್ತಾನೆ. ಆದ್ದರಿಂದ "ಅದನ್ನ ಒಂದು ಸಲ ಟೈಪ್ ಮಾಡಿ ಕಳಿಸಿ" ಅಂತಲೂ ಹೇಳಬೇಕು. ಎಷ್ಟು ಜನ ಎಷ್ಟು ಬಗೆಯ ಸ್ಪೆಲಿಂಗ್ ಬರೆಯುತ್ತಾರೆ ಅನ್ನುವುದರಲ್ಲೇ ಹೆಸರಿನ ಜಾತಕ ಇದೆ.

ಈ ಪರೀಕ್ಷೆಗಳಲ್ಲಿ ಕೊನೆಗೆ ಉಳಿದದ್ದು "ಮೈನಾ". ಶೇಠ್‌ಜಿಯ ಸೊಸೆ ಪಟ್ಟಿಯ ತುದಿಯಲ್ಲಿ ಸುಮ್ಮನೆ ಸೇರಿಸಿದ ಹೆಸರು. ಯಾಕೆ ಉಳಿಯಿತು ನೋಡಿ. ಮ ಮತ್ತು ನ ಎರಡೂ ಅನುನಾಸಿಕ, ಎಲ್ಲಾ ಲಿಪಿಗಳಲ್ಲೂ ಇವೆ, ಮಹಾಪ್ರಾಣದ ಗೊಡವೆ ಇಲ್ಲ, ತಮಿಳಿನ ಒಂದಕ್ಷರ ಎರಡು ಸದ್ದಿನ ಸಮಸ್ಯೆ ಇಲ್ಲ. ಕೊನೆಗೆ ದೀರ್ಘ ಆ, ಬಾಲ ಉದುರುವುದಿಲ್ಲ. ಕನ್ನಡ, ಮರಾಠಿ, ಹಿಂದಿ, ತಮಿಳು ಎಲ್ಲಾ ಕಡೆ ಅದೇ ಹಕ್ಕಿಯ ಹೆಸರು. ಗುಜರಾತಿಯಲ್ಲಿ "ಮೇನಾ" ಆಗುತ್ತದೆ, ಹಕ್ಕಿ ಅದೇ. ಎಲ್ಲಕ್ಕಿಂತ ಮುಖ್ಯ, ಓದು ಬಾರದವರಿಗೂ ಹಳದಿ ಕೊಕ್ಕಿನ ಕಂದು ಹಕ್ಕಿಯ ಚಿತ್ರ ತೋರಿಸಿ ಕೇಳಬಹುದು. ಗುಜರಾತಿನ ವಾಘ್ ಬಕ್ರಿ ಚಹಾದ ಗುಟ್ಟೂ ಇದೇ ಅಂತ ನನ್ನ ನಂಬಿಕೆ. ಹುಲಿಯೂ ಮೇಕೆಯೂ ಒಂದೇ ಕಪ್ಪಿನಲ್ಲಿ ಕುಡಿಯುವ ಚಿತ್ರಕ್ಕೆ ಅನುವಾದ ಬೇಕಿಲ್ಲ.

ದೋಷವೇ ಇಲ್ಲ ಅಂತಲ್ಲ. ತೆಲುಗಿನಲ್ಲಿ "ಮೈನಂ" ಅಂದರೆ ಮೇಣ. ಆದರೆ ಎಲ್ಲಾ ದೋಷವೂ ಒಂದೇ ತೂಕದ್ದಲ್ಲ. ಹೆಣ, ಬಣ್ಣ, ಜಿರಳೆ ಮದ್ದು ಇವು ಬಾಯಿಗೆ ಹಾಕುವ ಪದಾರ್ಥದ ಹತ್ತಿರ ಸುಳಿಯಬಾರದ ಮಾತುಗಳು. ಮೇಣಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ, ಪಕ್ಕದಲ್ಲಿ ಹಕ್ಕಿಯ ಚಿತ್ರ ಇದ್ದರೆ ನೆನಪೂ ಆಗುವುದಿಲ್ಲ. ಇನ್ನು ಇಂಗ್ಲಿಷಿನಲ್ಲಿ Maina, Myna, Mynah ಅಂತ ಮೂರು ಬಗೆ ಬರೆಯುತ್ತಾರೆ. ಇದು ನಿಜವಾದ ತೊಂದರೆ. ಮೊಬೈಲಿನಲ್ಲಿ ಮಾರುವ ಕಡೆಗಳಲ್ಲಿ ಮೂರನ್ನೂ ಹುಡುಕು ಪದವಾಗಿ ಕೊಟ್ಟಿರಬೇಕಾಗುತ್ತದೆ.

ಕಾನೂನಿನ ಮಾತಿಗೆ ಬರೋಣ. ಸದ್ದು ಪಾಸಾದರೆ ಸಾಲದು, ಹೆಸರು ಖಾಲಿಯೂ ಇರಬೇಕು. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 9ನೇ ಕಲಮಿನ ಪ್ರಕಾರ ಸಾಮಾನಿನ ಜಾತಿ, ಗುಣ, ಊರು ಇವನ್ನಷ್ಟೇ ಹೇಳುವ ಪದ ಸುಲಭವಾಗಿ ನೋಂದಣಿ ಆಗುವುದಿಲ್ಲ. ರುಚಿ ಅಂತ ಹೇಳುವ "ಚವ", ಮಲಯಾಳದಲ್ಲಿ ಚಹಾ ಅಂತಲೇ ಕೇಳುವ "ಛಾಯಾ" ಇಲ್ಲೂ ಎಡವಬಹುದಿತ್ತು. 11ನೇ ಕಲಮು ಬೇರೆಯವರ ಹೆಸರನ್ನು ಹೋಲುವ ಹೆಸರಿಗೆ ತಡೆ. ಹೋಲಿಕೆ ಅಂದರೆ ಬರೀ ಸ್ಪೆಲಿಂಗ್ ಅಲ್ಲ, ಸದ್ದೂ ಹೌದು. 1959ರಲ್ಲೇ ಸುಪ್ರೀಂ ಕೋರ್ಟು ಗ್ಲುಕೋವಿಟಾ ಮತ್ತು ಗ್ಲುವಿಟಾ ಎರಡೂ ಗೊಂದಲ ಮಾಡುವಷ್ಟು ಹತ್ತಿರ ಅಂತ ತೀರ್ಪು ಕೊಟ್ಟಿತು. ಇಂಗ್ಲಿಷ್ ತಾಯ್ನುಡಿಯಲ್ಲದ ನಮ್ಮ ಜನಕ್ಕೆ ನಡುವಿನ ಒಂದು "ಕೋ" ಬಿಟ್ಟುಹೋದದ್ದು ಗೊತ್ತಾಗುವುದಿಲ್ಲ ಅನ್ನುವುದು ಅದರ ತಿರುಳು. ಅಂದರೆ ನ್ಯಾಯಾಲಯವೂ ಕೊನೆಗೆ ಕೇಳಿದ್ದು ಗಿರಾಕಿಯ ಕಿವಿಯನ್ನೇ!

ಹಾಗಾಗಿ ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಚಹಾ ಸೇರುವ 30ನೇ ವರ್ಗದಲ್ಲಿ, ಅಕ್ಷರದ ಹುಡುಕಾಟದ ಜೊತೆಗೆ ಸದ್ದಿನ ಹುಡುಕಾಟವನ್ನೂ ಮಾಡಬೇಕು. ಅರ್ಜಿ ಹಾಕಿ ಅಂಗೀಕಾರವಾದ ಮೇಲೆ ಅದು ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಆಮೇಲೆ 4 ತಿಂಗಳು ಯಾರು ಬೇಕಾದರೂ ತಕರಾರು ಎತ್ತಬಹುದು. ನೋಂದಣಿಯಾದರೆ 10 ವರ್ಷ ಬಾಳಿಕೆ, ಮತ್ತೆ ನವೀಕರಿಸಬಹುದು. ಎಲ್ಲರಿಗೂ ಗೊತ್ತಿರುವ ಹಕ್ಕಿಯ ಹೆಸರಿನ ಮೇಲೆ ಬೇರೆಯವರ ಕಣ್ಣೂ ಇರುತ್ತದೆ, ಒಂಟಿ ಪದವಾಗಿ ಅದನ್ನು ಕಾಪಾಡಿಕೊಳ್ಳುವುದು ಕಷ್ಟ ಅಂತ ಶೇಠ್‌ಜಿಯ ವಕೀಲರು ಹೇಳಿದರು. ಅದಕ್ಕೆ ಇನ್ನೊಂದು ಪುಟ್ಟ ಪದ ಸೇರಿಸಿ, ಆ ಜೋಡಿಯನ್ನು ಮತ್ತೆ ಅದೇ ಫೋನ್ ಆಟದಲ್ಲಿ ಪರೀಕ್ಷಿಸಿ ಅರ್ಜಿ ಹಾಕಿದ್ದಾರೆ. ಆ ಜೋಡಿ ಯಾವುದು ಅಂತ ಮಾತ್ರ ಕೇಳಬೇಡಿ, ಗ್ರಾಹಕರ ಗುಟ್ಟು!

"ಇದೆಲ್ಲಾ ಅತಿಯಾಯಿತು, ಬ್ರೂಕ್ ಬಾಂಡ್ ಅನ್ನುವ ಹೆಸರಿಗೆ ಯಾವ ಭಾಷೆಯಲ್ಲಿ ಅರ್ಥ ಇತ್ತು?" ಅಂತ ನನ್ನ ಸಹೋದ್ಯೋಗಿಯೊಬ್ಬರು ವಾದ ಹೂಡಿದರು. ವಾದದಲ್ಲಿ ಹುರುಳಿದೆ. 1869ರಲ್ಲಿ ಆರ್ಥರ್ ಬ್ರೂಕ್ ಅನ್ನುವವರು ಮ್ಯಾಂಚೆಸ್ಟರಿನಲ್ಲಿ ಅಂಗಡಿ ಇಟ್ಟರು, ಬಾಂಡ್ ಅನ್ನುವ ಪಾಲುದಾರ ಇರಲೇ ಇಲ್ಲ. ಆದರೂ ಆ ಹೆಸರು ನಮ್ಮ ಅಜ್ಜಿಯರ ಬಾಯಲ್ಲೂ ಕೂತಿತು. ಆದರೆ ಅದು ಕೂತದ್ದು ದಶಕಗಟ್ಟಲೆ ಜಾಹೀರಾತಿನ ಬಲದಿಂದ. ದುಡ್ಡಿದ್ದವರು ಯಾವ ಸದ್ದನ್ನು ಬೇಕಾದರೂ ಜನರಿಗೆ ಕಲಿಸಬಹುದು. ಮನೆ ಅಡವಿಟ್ಟು ಚಹಾ ಮಾರುವವನಿಗೆ ಕಲಿಸುವ ಪುರುಸೊತ್ತೂ ಇಲ್ಲ, ಹಣವೂ ಇಲ್ಲ. ಜನಕ್ಕೆ ಆಗಲೇ ಬರುವ ಸದ್ದನ್ನೇ ಅವನು ಆರಿಸಿಕೊಳ್ಳಬೇಕು.

ಆದ್ದರಿಂದ ನನ್ನ ನಿಲುವು ಇಷ್ಟೇ. ಸಣ್ಣ ವ್ಯಾಪಾರಿ ಸಾಲ ಕೇಳಿ ಬಂದಾಗ, ಚೀಲದ ಮುದ್ರಣಕ್ಕೆ ಹಣ ಬಿಡುವ ಮೊದಲು ಪ್ರತಿ ಊರಿನ ಐದಾರು ಚೀಟಿಗಳನ್ನು ಬ್ಯಾಂಕಿನವರೂ ನೋಡಲು ಕೇಳಬೇಕು. ಅದಕ್ಕೆ ತಗಲುವುದು ಒಂದು ವಾರ ಮತ್ತು ಕೆಲವು ಫೋನ್ ಕರೆ. ನಿಮ್ಮ ಊರಿನ ಅಂಗಡಿಯಲ್ಲಿ ಹೆಸರು ಕೆಟ್ಟದಾಗಿ ಕೇಳಿದ ಕಾರಣಕ್ಕೇ ಮೂಲೆ ಸೇರಿದ ಸಾಮಾನು ಯಾವುದಾದರೂ ನೆನಪಿದ್ದರೆ ಬರೆದು ತಿಳಿಸಿ. ಪುಣೆ, ಚೆನ್ನೈ, ಹೈದರಾಬಾದಿನವರು ಹೇಳಿದರೆ ಇನ್ನೂ ಒಳ್ಳೆಯದು.